ಬ್ಲಾಕ್ ಹೇಳಿದ್ದು 0.131, ಹುಡುಗಿ ಎದ್ದಿದ್ದು ಅದಕ್ಕೂ ಮೊದಲೇ: 14 ತಿಂಗಳು ಬಳಸಿದ ಮೇಲೆ

ಪೊನ್ನಂಪೇಟೆ ಕಡೆಯ ನಮ್ಮ ಮೈದಾನಕ್ಕೆ ಈ ಸೆನ್ಸರ್ ಇರುವ ಸ್ಟಾರ್ಟಿಂಗ್ ಬ್ಲಾಕ್ ಬಂದು 14 ತಿಂಗಳಾಯ್ತು. ಒಂದು ಪೂರ್ತಿ ಮಳೆಗಾಲ ಕಂಡಿದೆ, ಇನ್ನೊಂದನ್ನು ಅರ್ಧ ದಾಟಿದೆ. ತೂಕ, ಬ್ಯಾಟರಿ, ಕೇಬಲ್ ಉದ್ದ ಎಲ್ಲ ಮಾರುವವರ ಪುಟದಲ್ಲೇ ಇದೆ, ನೋಡಿರ್ತೀರಿ. ನಾನು ಬರೆಯಲು ಕೂತದ್ದು ಬೇರೆ ಸಿಟ್ಟಿಗೆ. ಗನ್ ಸದ್ದಾಗಿ ಎಷ್ಟು ಹೊತ್ತಿಗೆ ಓಡುವವರು ಎದ್ದರು ಅಂತ ಇದರ ಪೆಟ್ಟಿಗೆ ತೋರಿಸುವ ನಂಬರನ್ನು ಎಂಟು ತಿಂಗಳು ದೇವರ ಅಪ್ಪಣೆ ಅಂತ ನಂಬಿ ಮಕ್ಕಳನ್ನು ಬೈದಿದ್ದೇನೆ, ಹೊಗಳಿದ್ದೇನೆ. ಅರ್ಧದಷ್ಟು ಬೈಗುಳ ತಪ್ಪು ಮಕ್ಕಳಿಗೆ ಹೋಗಿದೆ.

ಮೊದಲೇ ಹೇಳಿಬಿಡ್ತೇನೆ, ಇದು ಸೆಕೆಂಡ್ ಹ್ಯಾಂಡ್. ಹಳೇ ವಿದ್ಯಾರ್ಥಿಗಳು ಕೈ ಸೇರಿಸಿ 40 ಸಾವಿರಕ್ಕೆ ಎರಡು ಲೇನಿನ ಸೆಟ್ ಕೊಡಿಸಿದರು. ದೊಡ್ಡ ಕೂಟಗಳಲ್ಲಿ ಇಡುವ, ಪ್ರಮಾಣಪತ್ರ ಇರುವ ವ್ಯವಸ್ಥೆಯ ಬೆಲೆ ಕೇಳುವ ಧೈರ್ಯ ಕೂಡ ನನಗಿಲ್ಲ. ಇದು ಬರೀ ತರಬೇತಿಗೆ. ಆದರೆ ಕೆಲಸ ಮಾಡುವ ತತ್ವ ಎರಡರದ್ದೂ ಒಂದೇ ಜಾತಿ.

ಕಾಲಿಡುವ ಹಲಗೆಗಳ ಹಿಂದೆ ಒತ್ತಡ ಅಳೆಯುವ ಸೆನ್ಸರ್ ಇದೆ. "ಸೆಟ್" ಅಂದಾಗ ಮಕ್ಕಳು ಸೊಂಟ ಎತ್ತಿ ನಿಲ್ಲುತ್ತಾರಲ್ಲ, ಆಗ ಎರಡೂ ಪಾದ ಹಲಗೆಯನ್ನು ಒಂದೇ ಸಮನೆ ಒತ್ತಿಕೊಂಡಿರುತ್ತವೆ. ಪರದೆಯಲ್ಲಿ ಅದು ಒಂದು ಸಪಾಟು ಗೆರೆ. ಗನ್ ಸದ್ದಿನ ಜೊತೆಗೇ ಪೆಟ್ಟಿಗೆಯ ಗಡಿಯಾರ ಶುರುವಾಗುತ್ತದೆ. ಒತ್ತಡ ಆ ಸಪಾಟು ಗೆರೆಗಿಂತ ನಿಗದಿಯಾದಷ್ಟು ಮೇಲೇರಿದ ಕ್ಷಣವನ್ನು ಅದು `RT` ಅಂತ ಬರೆದುಕೊಳ್ಳುತ್ತದೆ. ಅದು 0.100 ಸೆಕೆಂಡಿಗಿಂತ ಕಡಿಮೆ ಇದ್ದರೆ ಕೀಂ ಅಂತ ಕೂಗು. ಸದ್ದು ಕಿವಿಗೆ ಬಿದ್ದು, ಮಿದುಳಿಗೆ ಹೋಗಿ, ಅಲ್ಲಿಂದ ಕಾಲಿನ ಸ್ನಾಯುವಿಗೆ ಇಳಿದು ಒತ್ತಾಗಿ ಬದಲಾಗಲು ಅಷ್ಟು ಹೊತ್ತಾದರೂ ಬೇಕು ಅನ್ನುವುದು ನಿಯಮದ ನಂಬಿಕೆ. ಅದಕ್ಕೂ ಮೊದಲು ಒತ್ತಿದವರು ಗನ್ ಕೇಳಿ ಎದ್ದವರಲ್ಲ, ಊಹಿಸಿ ಎದ್ದವರು. ದೊಡ್ಡ ಓಟಗಳಲ್ಲಿ ಈ ಕೂಗು ಸ್ಟಾರ್ಟರ್ ಕಿವಿಯ ಹೆಡ್‌ಫೋನಿಗೆ ಹೋಗುತ್ತದೆ, ಓಟ ವಾಪಸ್ ಕರೆದು ಗೆರೆ ನೋಡುತ್ತಾರೆ. 2010ರಿಂದ ಒಂದೇ ಒಂದು ಫಾಲ್ಸ್ ಸ್ಟಾರ್ಟ್ ಆದರೂ ಮನೆಗೆ.

ಬೆಳಿಗ್ಗೆ ಆರಕ್ಕೆ ನನ್ನ ಕೆಲಸ ಹೀಗೆ ಶುರು. ಸ್ಟೋರ್ ರೂಮಿನಿಂದ ಬ್ಲಾಕ್ ತರುತ್ತೇನೆ, ಅದು ಹಳೇ ಕಾಫಿ ಚೀಲದಲ್ಲಿ ಸುತ್ತಿರುತ್ತದೆ. ಮಳೆಗಾಲದಲ್ಲಿ ಹಲಗೆಯ ಹಿಂದೆ ಒಂದೆರಡು ಜಿಗಣೆ ಗ್ಯಾರಂಟಿ, ಅದನ್ನು ಕಡ್ಡಿಯಲ್ಲಿ ತೆಗೆಯಬೇಕು. ಹತ್ತಿ ಬಟ್ಟೆಯಲ್ಲಿ ಹಲಗೆ, ಕೇಬಲಿನ ತುದಿ ಎರಡನ್ನೂ ಒರೆಸಬೇಕು, ಒದ್ದೆ ತುದಿ ಚುಚ್ಚಿದರೆ ಗೆರೆ ಇಡೀ ದಿನ ನಡುಗುತ್ತದೆ. ಆಮೇಲೆ ಮೊಳೆ ಹೊಡೆದು ಬ್ಲಾಕ್ ಕೂರಿಸಿ, ನಾನೇ ಒಂದು ಸಲ ಹಿಂದಕ್ಕೆ ಒದ್ದು ನೋಡುತ್ತೇನೆ. ಕೆಂಪು ಮಣ್ಣು ನೆನೆದಾಗ ಬ್ಲಾಕೇ ಒಂದು ಬೆರಳಷ್ಟು ಹಿಂದೆ ಸರಿಯುತ್ತದೆ, ಒತ್ತಡ ಸೆನ್ಸರಿಗೆ ಹೋಗುವ ಬದಲು ಮಣ್ಣಿಗೆ ಹೋಗುತ್ತದೆ. ಕೊನೆಗೆ ಯಾರೂ ಕಾಲಿಡದೆ ಸೊನ್ನೆ ಮಾಡಿಕೊಳ್ಳುವುದು. ಇಷ್ಟಕ್ಕೆ 12 ನಿಮಿಷ. ಅಷ್ಟರಲ್ಲಿ ಮಕ್ಕಳು ಎರಡು ಸುತ್ತು ಓಡಿ ಬಂದಿರುತ್ತಾರೆ. ನನಗೆ ಈ 12 ನಿಮಿಷ ಇಷ್ಟ, ಸುಳ್ಳು ಯಾಕೆ ಹೇಳಲಿ.

ಮೊದಲ ತಿಂಗಳುಗಳಲ್ಲಿ ನಾನು ಇದರ ಅಭಿಮಾನಿ. ಗಂಡು ಹುಡುಗರಲ್ಲಿ ನಾಲ್ಕೈದು ಜನ ನನ್ನ ಉಸಿರು ಲೆಕ್ಕ ಹಾಕಿ ಏಳುತ್ತಿದ್ದರು. "ಸೆಟ್" ಆಗಿ ಎಷ್ಟು ಹೊತ್ತಿಗೆ ನಾನು ಗುಂಡಿ ಒತ್ತುತ್ತೇನೆ ಅಂತ ಅವರಿಗೆ ಬಾಯಿಪಾಠ. ಪೆಟ್ಟಿಗೆ ಎರಡೇ ವಾರದಲ್ಲಿ ಆ ಆಟ ನಿಲ್ಲಿಸಿತು. 2011ರಲ್ಲಿ ದೇಗುವಿನ ವಿಶ್ವ ಕೂಟದ ಫೈನಲ್‌ನಲ್ಲಿ ಬೋಲ್ಟ್ ಎದ್ದುಬಿಟ್ಟದ್ದನ್ನು ಹಿಡಿಯಲು ಯಂತ್ರ ಬೇಕಿರಲಿಲ್ಲ, ಟಿವಿ ಮುಂದೆ ಕೂತ ನಮಗೇ ಕಂಡಿತ್ತು. ಯಂತ್ರ ಬೇಕಾಗುವುದು ಕಣ್ಣಿಗೆ ಸಿಗದ ತುಣುಕಿಗೆ. 2022ರಲ್ಲಿ ಯೂಜೀನ್‌ನ ವಿಶ್ವ ಕೂಟದ 110 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ಡೆವನ್ ಆಲನ್ 0.099ಕ್ಕೆ ಹೊರಗೆ ಹೋದರಲ್ಲ, ಒಂದು ಸಾವಿರಾಂಶ! ಆ ಸುದ್ದಿಯನ್ನು ಹುಡುಗರಿಗೆ ಹೇಳಿ ಹೆದರಿಸಿದ್ದೇ ಹೆದರಿಸಿದ್ದು. ಆ 0.099 ಯಾವುದರಿಂದ ಎಣಿಸಿದ್ದು ಅಂತ ಆಗ ನಾನು ಕೇಳಿಕೊಂಡಿರಲಿಲ್ಲ.

ಕೇಳಿಕೊಳ್ಳುವ ಹಾಗೆ ಮಾಡಿದವಳು ಹತ್ತನೇ ತರಗತಿಯ ಒಬ್ಬ ಹುಡುಗಿ. 41 ಕಿಲೋ, ಕಡ್ಡಿಯಂಥವಳು. ಅವಳ ನಂಬರ್ ಯಾವಾಗಲೂ 0.13ರ ಆಚೀಚೆ, ಕೂಗು ಬಂದದ್ದೇ ಇಲ್ಲ. ಪಕ್ಕದ ಲೇನಿನ 68 ಕಿಲೋದ ಹುಡುಗನಿಗೆ ಮಾತ್ರ ತಿಂಗಳಿಗೆ ಎರಡು ಸಲ ಕೂಗು. ಅವನು ಒಂದು ದಿನ ಮುಖ ಊದಿಸಿಕೊಂಡು, "ಸರ್, ಅವಳೇ ಮೊದಲು ಏಳೋದು, ಪಕ್ಕದಲ್ಲಿ ನಂಗೆ ಕಾಣಲ್ವಾ?" ಅಂದ. ನಾನು ಬೈದೆ. ಆದರೂ ಹುಳ ಹೊಕ್ಕಿತು.

ಮಾರನೇ ದಿನ ನನ್ನ ಮೊಬೈಲನ್ನು ಬದಿಯಲ್ಲಿ ನಿಲ್ಲಿಸಿ ಸ್ಲೋ ಮೋಷನ್‌ನಲ್ಲಿ ತೆಗೆದೆ, ಸೆಕೆಂಡಿಗೆ 240 ಚಿತ್ರ. ಅಂದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು 4 ಮಿಲಿಸೆಕೆಂಡ್. ಗನ್ ಸದ್ದಾದಾಗ ಪೆಟ್ಟಿಗೆಯ ಮೇಲೆ ಒಂದು ದೀಪ ಹೊತ್ತಿಕೊಳ್ಳುತ್ತದೆ, ಅಲ್ಲಿಂದ ಎಣಿಸಿದೆ. ಹುಡುಗಿಯ ಹಿಂಗಾಲಿನ ಮಂಡಿ ಕದಲಿದ್ದು 22ನೇ ಚಿತ್ರದಲ್ಲಿ, ಅಂದರೆ 92 ಮಿಲಿಸೆಕೆಂಡಿಗೆ. ಪೆಟ್ಟಿಗೆ ಬರೆದದ್ದು 0.131. ಹುಡುಗ ಕದಲಿದ್ದು 31ನೇ ಚಿತ್ರದಲ್ಲಿ, 129ಕ್ಕೆ. ಪೆಟ್ಟಿಗೆ ಬರೆದದ್ದು 0.142. ಅವನ ವಿಷಯದಲ್ಲಿ ಯಂತ್ರ 13 ಮಿಲಿಸೆಕೆಂಡ್ ತಡ, ಅವಳ ವಿಷಯದಲ್ಲಿ 39. ನಿಯಮದ ಕಣ್ಣಲ್ಲಿ ಊಹಿಸಿ ಎದ್ದವಳು ಅವಳು. ಬೈಸಿಕೊಂಡವನು ಅವನು.

ಮೊದಲು ಯಂತ್ರ ಕೆಟ್ಟಿದೆ ಅಂದುಕೊಂಡು ಮಾರಿದವರಿಗೆ ಫೋನ್ ಮಾಡಿ ಕೂಗಾಡಿದೆ. ಕೆಟ್ಟಿರಲಿಲ್ಲ. ಸೆಟ್ಟಿಂಗ್ಸ್ ಒಳಗೆ `THR 25` ಅಂತ ಒಂದು ಸಾಲು, ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಒತ್ತಡ ಸಪಾಟು ಗೆರೆಗಿಂತ 25 ಕಿಲೋ ಏರಿದ ಮೇಲೆ ಮಾತ್ರ ಅದು "ಎದ್ದ" ಅಂತ ಬರೆಯುವುದು. ಗೆರೆ ತೆಗೆದು ನೋಡಿದೆ. ಹುಡುಗ 70 ಮಿಲಿಸೆಕೆಂಡಿನಲ್ಲಿ 130 ಕಿಲೋ ಒದೆಯುತ್ತಾನೆ, 25 ದಾಟಲು ಅವನಿಗೆ 13 ಸಾಕು. ಅವಳು 90 ಮಿಲಿಸೆಕೆಂಡಿನಲ್ಲಿ 60 ಕಿಲೋ, ಅದೇ 25ಕ್ಕೆ ಸುಮಾರು 38 ಬೇಕು. ಮೊಬೈಲಿನ ಲೆಕ್ಕಕ್ಕೂ ಇದಕ್ಕೂ ಒಂದು ಚಿತ್ರದಷ್ಟೂ ವ್ಯತ್ಯಾಸ ಇಲ್ಲ. ಒತ್ತಡ ಶುರುವಾದ ಮೇಲೆಯೇ ಮಂಡಿ ಕದಲುವುದು ನಮ್ಮ ಕಣ್ಣಿಗೆ ಬೀಳುವುದರಿಂದ ಅವಳು ನಿಜಕ್ಕೂ ಎದ್ದದ್ದು 92ಕ್ಕಿಂತ ಇನ್ನೂ ಸ್ವಲ್ಪ ಮೊದಲೇ ಇರಬೇಕು.

ಇದನ್ನು ಹುಡುಗಿಯ ಅಜ್ಜನಿಗೆ ಹೇಳಿದಾಗ ಅವರು ನಕ್ಕರು. ಸೈನ್ಯದಲ್ಲಿದ್ದವರು, ಕೈಲ್ ಪೊಳ್ದ್‌ಗೆ ಇವತ್ತಿಗೂ ತೆಂಗಿನಕಾಯಿಗೆ ಗುಂಡು ಹೊಡೆಯುವವರು. "ಕೋವಿ ಟ್ರಿಗರ್ ಬಿಗಿ ಇದ್ರೆ ಹಾಗೇ ಅಲ್ವಾ ಮಾಷ್ಟ್ರೇ. ನಾನು ಒತ್ತಿದ ತಕ್ಷಣ ಢಂ ಅಂತದೆ. ಇವ್ಳು ಒತ್ತಿದ್ರೆ, ಒತ್ತಿ ಒತ್ತಿ ಆಮೇಲೆ ಢಂ. ಬೆರಳು ಇಬ್ರದ್ದೂ ಒಟ್ಟಿಗೇ ಕದಲಿರ್ತದೆ" ಅಂದರು. ಎಂಟು ತಿಂಗಳು ನನಗೆ ಹೊಳೆಯದ್ದು ಅವರಿಗೆ ಒಂದೇ ಏಟಿಗೆ ಹೊಳೆಯಿತು.

ನಮ್ಮ ಅಗ್ಗದ ಪೆಟ್ಟಿಗೆಯ ಕತೆ ಮಾತ್ರ ಇದು ಅಂದುಕೊಳ್ಳಬೇಡಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ರಿಯಾಕ್ಷನ್ ಟೈಮ್‌ಗಳನ್ನು ಮಿಷಿಗನ್ ವಿಶ್ವವಿದ್ಯಾಲಯದವರು ಕೂತು ನೋಡಿದಾಗ ಹೆಂಗಸರದ್ದು ಗಂಡಸರಿಗಿಂತ ನಿಧಾನ ಅಂತ ಕಂಡಿತ್ತು. ಅವರು 2011ರಲ್ಲಿ ಕೊಟ್ಟ ವಿವರಣೆ ಇದೇ: ಇಬ್ಬರಿಗೂ ಒಂದೇ ಬಲದ ಮಿತಿ ಇಟ್ಟಿದ್ದರಿಂದ ಹಾಗೆ ಕಂಡಿರಬಹುದು, ಹೆಂಗಸರಿಗೆ ಮಿತಿಯನ್ನು 22% ಇಳಿಸಿದರೆ ಆ ವ್ಯತ್ಯಾಸ ಇರುವುದಿಲ್ಲ. ಅಂದರೆ ಒಬ್ಬ ಹೆಂಗಸು 0.100ಕ್ಕೆ ಮೊದಲೇ ಎದ್ದರೂ ಸಿಕ್ಕಿಬೀಳದೆ ಇರುವ ಸಾಧ್ಯತೆ ಜಾಸ್ತಿ. ಲೇನಿನಲ್ಲಿ ಬೈಸಿಕೊಂಡ ನನ್ನ ಹುಡುಗನ ವಾದವೂ ಇಷ್ಟೇ ಆಗಿತ್ತು.

ಹಾಗಾದರೆ ಮಿತಿ ಇಳಿಸಿದರಾಯ್ತಲ್ಲ ಅಂತೀರಿ. ಇಳಿಸಿದೆ. 12 ಇಟ್ಟೆ. ಆವತ್ತು ಬೆಳಿಗ್ಗೆ ಕೂಗೋ ಕೂಗು. "ಸೆಟ್"ನಲ್ಲಿ ಯಾರೂ ಕಲ್ಲಿನ ಹಾಗೆ ನಿಲ್ಲುವುದಿಲ್ಲ, ತೊಡೆ ನಡುಗುತ್ತದೆ, ಗೆರೆ ನಾಲ್ಕೈದು ಕಿಲೋ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಒದ್ದೆ ಮಣ್ಣಲ್ಲಿ ಬ್ಲಾಕ್ ಒಂದಿಷ್ಟು ಜಾರಿ ನಿಂತರೆ ಅದಕ್ಕೂ ಎರಡು ಪಟ್ಟು. ಮಿತಿ ಮೇಲಿದ್ದರೆ ಹಗುರ ಮಕ್ಕಳು ನುಸುಳುತ್ತಾರೆ, ಕೆಳಗಿದ್ದರೆ ಅಲುಗಿದವರೆಲ್ಲ ಕಳ್ಳರು. ಈಗ ಹುಡುಗಿಯರ ಲೇನಿಗೆ 18, ಹುಡುಗರಿಗೆ 25. ಜೋರು ಮಳೆಯ ದಿನ ಕೂಗನ್ನೇ ಆಫ್ ಮಾಡಿಬಿಡ್ತೇನೆ.

ಇಲ್ಲಿಂದ ನನ್ನ ಸಿಟ್ಟು ಇಳಿಯಿತು ಅನ್ನಬೇಕು, ಯಾಕೆಂದರೆ ನಂಬರ್ ಬಿಟ್ಟು ಗೆರೆ ನೋಡಲು ಕಲಿತೆ. ಅದು ಬೇರೆಯೇ ಸಂತೋಷ. ಗನ್ ಆದ ಮೇಲೆ ಸಪಾಟು ಗೆರೆ ಎಲ್ಲಿ ಬಾಗಿ ಮೇಲೇಳುತ್ತದೋ ಆ ಬುಡಕ್ಕೆ ಬೆರಳಿಟ್ಟರೆ ನಿಜವಾಗಿ ಎದ್ದ ಹೊತ್ತು ಸಿಗುತ್ತದೆ. ಮೈ ಅಲುಗಿದ್ದಾದರೆ ಗೆರೆ ಚಿಕ್ಕ ಗುಡ್ಡ ಮಾಡಿ ಮತ್ತೆ ಕೆಳಗಿಳಿಯುತ್ತದೆ, ಓಡಲು ಎದ್ದದ್ದಾದರೆ ಹತ್ತಿದ ಗೆರೆ ಇಳಿಯದೆ ಹತ್ತುತ್ತಲೇ ಹೋಗುತ್ತದೆ. ಇದನ್ನು ಯಾವ ಮಗುವಿಗೂ ಎರಡು ನಿಮಿಷದಲ್ಲಿ ಹೇಳಿಕೊಡಬಹುದು. ಹಿಂಗಾಲು, ಮುಂಗಾಲಿಗೆ ಬೇರೆ ಬೇರೆ ಗೆರೆ ಬರುವುದರಿಂದ ಯಾರ ಹಿಂಗಾಲು ಸೋಮಾರಿ ಅನ್ನುವುದೂ ಗೊತ್ತಾಯಿತು. ಇದನ್ನು ನಾನು ಕೊಂಡಿದ್ದೇ ಅಲ್ಲ, ಪುಕ್ಕಟೆ ಸಿಕ್ಕಿದ್ದು.

ಎರಡು ದೂರು ಉಳಿದಿವೆ. ಬ್ಲಾಕಿಗೆ ಕೈ ಕಾಣುವುದಿಲ್ಲ. ಬೆರಳು ಮೊದಲು ನೆಲ ಬಿಟ್ಟು ಕಾಲು ಆಮೇಲೆ ಒತ್ತಿದರೆ ಪೆಟ್ಟಿಗೆ ತೆಪ್ಪಗಿರುತ್ತದೆ, ಅದಕ್ಕೆ ಬದಿಯಲ್ಲಿ ನನ್ನ ಕಣ್ಣೇ ಬೇಕು. ಇನ್ನೊಂದು ಸ್ಪೀಕರ್. ಅದು ಬ್ಲಾಕಿನ ಬೆನ್ನಿಗೇ ಇರಬೇಕು. ಮಳೆಗೆ ನೆನೆಯುತ್ತದೆ ಅಂತ ನಾನು ಅದನ್ನು ಮೂರು ಮೀಟರ್ ಆಚೆ ಸೂರಿನಡಿ ಇಟ್ಟಿದ್ದೆ, ಸದ್ದು ಅಷ್ಟು ದೂರ ಬರಲು ಸುಮಾರು 9 ಮಿಲಿಸೆಕೆಂಡ್. ಎಲ್ಲರ ನಂಬರೂ ಅಷ್ಟು ಕೆಟ್ಟಿತು, ನಾನು ಮಕ್ಕಳು ನಿದ್ದೆಗೆಟ್ಟು ಬಂದಿದ್ದಾರೆ ಅಂದುಕೊಂಡೆ. ಈಗ ಸ್ಪೀಕರಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ಅಲ್ಲೇ ಇಡ್ತೇನೆ.

ಐದಕ್ಕೆ ಮೂರೂವರೆ ನಕ್ಷತ್ರ. ಕೊಳ್ಳುವವರು ಮಿತಿ ಬದಲಿಸಲು ಬರುತ್ತದಾ, ಗೆರೆ ತೋರಿಸುತ್ತದಾ, ಎರಡನ್ನೇ ಕೇಳಿ. ಬರೀ ನಂಬರ್ ತೋರಿಸುವುದಾದರೆ ಅರ್ಧ ಬೆಲೆಗೂ ಬೇಡ. ಆ ಹುಡುಗನ ಹತ್ತಿರ ತಪ್ಪಾಯ್ತು ಅಂದೆ. ಹುಡುಗಿ 0.131ರ ಗೆರೆಯನ್ನು ತನ್ನ ನೋಟ್‌ಬುಕ್ಕಿನ ಹಿಂದೆ ಬರೆದಿಟ್ಟುಕೊಂಡಿದ್ದಾಳೆ. ಹೋದ ವಾರ ಅವಳ ಗೆರೆಯ ಬುಡ 118ಕ್ಕೆ ಬಂತು, ಪೆಟ್ಟಿಗೆ ಬರೆದದ್ದು 0.144. "ಈ ಸಲ ಕೇಳಿಯೇ ಎದ್ದಿದ್ದು ಸರ್" ಅಂದಳು.