"ನಿಮ್ಮ ಎಡಗಾಲು ವೀಕ್ ಇದೆ ಸರ್" ಅಂದರೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಶಟಲ್ ಆಡುತ್ತಾ ಜಿಮ್‌ಗೂ ಹೋಗುವವರಿಗೆ ಈ ಬರಹ. ಎರಡೂ ಕಾಲಿನ ಬಲ ಸಮ ಮಾಡಿಸುತ್ತೇವೆ ಅಂತ ಮೂರು ತಿಂಗಳ ಸ್ಪೆಷಲ್ ಪ್ಯಾಕೇಜ್ ಮಾರುವವರಿದ್ದಾರೆ. ಆ ಪ್ಯಾಕೇಜಿನಿಂದ ನನಗೆ ದಕ್ಕಿದ್ದು ಎಡ ಮಂಡಿ ನೋವು. ಜಿಮ್ ಹೆಸರು ಹೇಳುವುದಿಲ್ಲ, ಕೇಳಬೇಡಿ. ಹೆಸರಿಗಿಂತ ಅವರು ಲೆಕ್ಕ ತೋರಿಸಿದ ರೀತಿ ಗೊತ್ತಿದ್ದರೆ ನಿಮಗೆ ಹೆಚ್ಚು ಉಪಯೋಗ.

ನಾನು ಬಲಗೈ ಆಟಗಾರ. ಬಲಗೈಯಲ್ಲಿ ರಾಕೆಟ್ ಹಿಡಿಯುವವರು ನೆಟ್ ಹತ್ತಿರ ಬಿದ್ದ ಡ್ರಾಪ್ ಎತ್ತಬೇಕಾದರೆ ಮುಂದೆ ಚಾಚುವುದು ಬಲಗಾಲನ್ನೇ. ಮೈಯನ್ನು ತಡೆದು ನಿಲ್ಲಿಸುವುದೂ ಅದೇ ಕಾಲು, ವಾಪಸ್ ಹಿಂದಕ್ಕೆ ತಳ್ಳುವುದೂ ಅದೇ ಕಾಲು. ವರ್ಷಗಟ್ಟಲೆ ಹೀಗೆ ಆಡಿದವರ ಬಲಗಾಲು ಸ್ವಲ್ಪ ಗಟ್ಟಿಯಾಗಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಯಾವ ಆಟ ಆಡುತ್ತೀರಿ ಅಂತ ಟ್ರೈನರ್ ಕೇಳಲೇ ಇಲ್ಲ.

ಟೆಸ್ಟ್ ಹೀಗಿತ್ತು. ಎರಡೂ ಕೈಯಲ್ಲಿ 10 ಕೆಜಿ ಡಂಬಲ್, ಹಿಂದಿನ ಪಾದ ಬೆಂಚಿನ ಮೇಲೆ, ಮುಂದಿನ ಕಾಲಿನಲ್ಲಿ ಕೂತು ಏಳುವುದು. ಬಲ್ಗೇರಿಯನ್ ಸ್ಪ್ಲಿಟ್ ಸ್ಕ್ವಾಟ್ ಅಂತಾರಲ್ಲ, ಅದೇ. ಮೊದಲು ಬಲಗಾಲಿನಲ್ಲಿ ಸುಸ್ತಾಗುವ ತನಕ ಮಾಡಿಸಿದರು, 12 ಬಂತು. ಸುಧಾರಿಸಿಕೊಳ್ಳಲೂ ಬಿಡದೆ ಎಡಗಾಲು ಮಾಡಿಸಿದರು, 8 ಬಂತು. ಫೋನಿನಲ್ಲಿ ಕ್ಯಾಲ್ಕುಲೇಟರ್ ಒತ್ತಿ ತೋರಿಸಿದರು: "ನೋಡಿ ಸರ್, 33% ವೀಕ್. ಹೀಗೇ ಬಿಟ್ಟರೆ ಮಂಡಿಯೊಳಗಿನ ಎಸಿಎಲ್ ಲಿಗಮೆಂಟ್ ಹೋಗುತ್ತೆ."

ಮೋಸ ಇರುವುದು ಇಲ್ಲೇ. ರೆಪ್ಸ್‌ನಲ್ಲಿ ಕಾಣುವ ವ್ಯತ್ಯಾಸವೇ ಬೇರೆ, ಬಲದಲ್ಲಿರುವ ವ್ಯತ್ಯಾಸವೇ ಬೇರೆ. ಒಂದೇ ತೂಕವನ್ನು ಎಷ್ಟು ಸಲ ಎತ್ತುತ್ತೀರಿ ಅನ್ನುವುದರಿಂದ ಗರಿಷ್ಠ ಬಲವನ್ನು ಅಂದಾಜು ಮಾಡಲು ಜಿಮ್‌ಗಳಲ್ಲಿ ಎಪ್ಲಿ ಸೂತ್ರ ಬಳಸುತ್ತಾರೆ. ರೆಪ್ಸ್ ಅನ್ನು 30ರಿಂದ ಭಾಗಿಸಿ ಒಂದು ಕೂಡಿಸಿ, ಬಂದದ್ದನ್ನು ತೂಕಕ್ಕೆ ಗುಣಿಸಬೇಕು. 12ಕ್ಕೆ 1.40 ಬರುತ್ತದೆ, 8ಕ್ಕೆ 1.27. ಎರಡೂ ಕಾಲು ಹೊತ್ತದ್ದು ಅದೇ ಮೈತೂಕ, ಅದೇ ಡಂಬಲ್ ಆದ್ದರಿಂದ ತೂಕವನ್ನು ಪಕ್ಕಕ್ಕಿಡಬಹುದು. 1.27 ಅನ್ನು 1.40ರಿಂದ ಭಾಗಿಸಿದರೆ ಸುಮಾರು 0.90. ಅಂದರೆ ನನ್ನ ಎಡಗಾಲಿನ ಕೊರತೆ ಮೂರರಲ್ಲೊಂದು ಪಾಲಲ್ಲ, ಹೆಚ್ಚೆಂದರೆ ಹತ್ತರಲ್ಲೊಂದು. ಇದು ಒರಟು ಅಂದಾಜೇ ಸರಿ, ಆದರೆ 33% ಅನ್ನುವುದಕ್ಕಿಂತ ಎಷ್ಟೋ ವಾಸಿ. ಗಾಯದಿಂದ ಚೇತರಿಸಿಕೊಂಡ ಆಟಗಾರರನ್ನು ಕಣಕ್ಕೆ ಬಿಡುವಾಗಲೂ ಸೋತ ಕಾಲು ಇನ್ನೊಂದರ 90% ಮುಟ್ಟಿದೆಯಾ ಅಂತ ನೋಡುವುದು ಫಿಸಿಯೋಗಳಲ್ಲಿ ರೂಢಿ. ನಾನು ಆವತ್ತೇ ಆ ಗೆರೆಯ ಮೇಲಿದ್ದೆ.

ಸಾಲದ್ದಕ್ಕೆ ಎಡಗಾಲನ್ನು ದಣಿದ ಮೇಲೆ ಅಳೆದದ್ದು. ಜೊತೆಗೆ ಒಂಟಿ ಕಾಲಿನಲ್ಲಿ ನಿಂತಾಗ ಮೈ ವಾಲಾಡಿದರೆ ಬಲವಿದ್ದೂ ರೆಪ್ಸ್ ಕಮ್ಮಿಯಾಗುತ್ತವೆ. ಮನೆಯಲ್ಲೇ ಪರೀಕ್ಷೆ ಮಾಡುವುದಾದರೆ ಒಂದು ಕೈಯನ್ನು ಗೋಡೆಗೆ ಹಗುರವಾಗಿ ತಾಗಿಸಿ, ಇನ್ನೊಂದರಲ್ಲಿ ಮಾತ್ರ ತೂಕ ಹಿಡಿಯಿರಿ. ಒಂದು ದಿನ ಎಡದಿಂದ ಶುರು ಮಾಡಿ, ಇನ್ನೊಂದು ದಿನ ಬಲದಿಂದ. ಮಧ್ಯೆ ಮೂರು ನಿಮಿಷ ಕೂತುಕೊಳ್ಳಿ. ಎರಡೂ ದಿನ ಅದೇ ಕಾಲು ಹಿಂದೆ ಬಿದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಿ.

ಇನ್ನು ಅವರು ಕೊಟ್ಟ ವಾರದ ಪ್ಲ್ಯಾನ್. ಬಾರ್ಬೆಲ್ ಸ್ಕ್ವಾಟ್, ಡೆಡ್‌ಲಿಫ್ಟ್ ಎರಡೂ ಬಂದ್. ಆರು ದಿನ ಕಾಲಿಗೇ ಮೀಸಲು, ಅದರಲ್ಲಿ ಮೂರು ದಿನ ಎಡಗಾಲಿಗೆ ಮಾತ್ರ. ಸ್ಪ್ಲಿಟ್ ಸ್ಕ್ವಾಟ್, ಸ್ಟೆಪ್ ಅಪ್, ಒಂಟಿ ಕಾಲಿನ ಲೆಗ್ ಪ್ರೆಸ್, ಲೆಗ್ ಎಕ್ಸ್‌ಟೆನ್ಶನ್, ಮೇಲೆ ಪಿಸ್ತೂಲ್ ಸ್ಕ್ವಾಟ್. ಕೂಡಿಸಿ ನೋಡಿದರೆ ಎಡಗಾಲಿಗೆ ವಾರಕ್ಕೆ 30ಕ್ಕೂ ಹೆಚ್ಚು ಸೆಟ್, ಬಲಗಾಲಿಗೆ ಹತ್ತಿಪ್ಪತ್ತರ ಒಳಗೆ. ವೀಕ್ ಅಂದ ಕಾಲಿಗೇ ಒಂದೇ ಏಟಿಗೆ ಇಷ್ಟು ಹೊರೆ.

ಕೆಲವೇ ವಾರಗಳಲ್ಲಿ ಎಡ ಮಂಡಿಚಿಪ್ಪಿನ ಸ್ವಲ್ಪ ಕೆಳಗೆ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವು ಶುರುವಾಯಿತು. ವಾರ್ಮ್ ಅಪ್ ಆದಮೇಲೆ ಮಾಯ, ಮಾರನೇ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಹಾಜರ್. ತೊಡೆಯ ಮಾಂಸಖಂಡದ ಹಿಡಿತ ಹೀಗಿರುವುದಿಲ್ಲ. ಅದು ಅಗಲವಾಗಿ ಹರಡಿಕೊಂಡಿರುತ್ತದೆ, ಎರಡು ಮೂರು ದಿನಕ್ಕೆ ಇಳಿದುಹೋಗುತ್ತದೆ. ಇನ್ನೊಂದು ಲಕ್ಷಣವೂ ಕಾಣಿಸಿತ್ತು: ಎಡಗಾಲಿನ 8 ರೆಪ್ಸ್ 6ಕ್ಕೆ ಇಳಿಯಿತು, ಬಲದ್ದು ಹಾಗೇ ಇತ್ತು. ತರಬೇತಿ ಕೊಡುತ್ತಿರುವ ಕಾಲೇ ದಿನೇ ದಿನೇ ಹಿಂದೆ ಬೀಳುತ್ತಿದ್ದರೆ ಅದು ಸುಧಾರಿಸಿಕೊಳ್ಳಲು ಸಮಯ ಸಿಗದೆ ದಣಿದಿದೆ ಅಂತ ಅರ್ಥ. ಟ್ರೈನರ್ ಅರ್ಥ ಮಾಡಿಕೊಂಡದ್ದು ಉಲ್ಟಾ. "ಇನ್ನೊಂದು ಸೆಟ್ ಜಾಸ್ತಿ ಹಾಕೋಣ ಸರ್."

ಕೊನೆಗೆ ಫಿಸಿಯೋ ಮೇಡಂ ಹತ್ತಿರ ಹೋದೆ. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿಗೆ ಒಮ್ಮೆಲೇ ಹೊರೆ ಹೆಚ್ಚಾಗಿದೆ ಅಂದರು. ಪಿಸ್ತೂಲ್ ಸ್ಕ್ವಾಟ್ ಹೊಡೆದು ಹಾಕಿದರು. "ನಿಮ್ಮ ಹಳೇ ವಾರ ಹೇಗಿತ್ತೋ ಹಾಗೇ ಇರಲಿ, ಅದಕ್ಕೆ ಎರಡು ಎಕ್ಸರ್ಸೈಜ್ ಸೇರಿಸೋಣ, ಅಷ್ಟೇ" ಅಂದಾಗ ನಿಜಕ್ಕೂ ನಿರಾಳವಾಯಿತು.

ಸೋಮವಾರ ಎಂದಿನ ಸ್ಕ್ವಾಟ್ ಮುಗಿದ ಮೇಲೆ ಸ್ಪ್ಲಿಟ್ ಸ್ಕ್ವಾಟ್, ಗುರುವಾರ ಡೆಡ್‌ಲಿಫ್ಟ್ ಆದಮೇಲೆ ಒಂಟಿ ಕಾಲಿನ ರೊಮೇನಿಯನ್ ಡೆಡ್‌ಲಿಫ್ಟ್. ಎರಡೂ ಮೂರು ಮೂರು ಸೆಟ್, ಇಷ್ಟೇ. ಪ್ರತಿ ಸೆಟ್ ಎಡಗಾಲಿನಿಂದ ಶುರು. ಇನ್ನೆರಡು ಆಗುತ್ತದೆ ಅನ್ನಿಸುವಾಗಲೇ ನಿಲ್ಲಿಸುವುದು. ಎಡಗಾಲು 7 ಮಾಡಿದರೆ ಬಲಗಾಲೂ ಅದೇ ತೂಕದಲ್ಲಿ ಏಳೇ, ಹುಮ್ಮಸ್ಸಿದ್ದರೂ ಎಂಟಿಲ್ಲ. ಹೀಗೆ ಮಾಡಿದಾಗ ಅಷ್ಟೇ ಕೆಲಸ ಎಡಗಾಲಿಗೆ ಕಷ್ಟದ್ದಾಗುತ್ತದೆ, ಬಲಗಾಲಿಗೆ ಸುಲಭದ್ದು. ಆದ್ದರಿಂದ ಎಡ ಬೆಳೆಯುತ್ತದೆ, ಬಲ ಇದ್ದಲ್ಲೇ ಇರುತ್ತದೆ. ಎಡಕ್ಕೆ ಪ್ರತ್ಯೇಕ ದಿನ ಬೇಕಾಗುವುದೇ ಇಲ್ಲ. ತಿಂಗಳಾದರೂ ಅಂತರ ಕದಲದಿದ್ದರೆ, ನೋವೂ ಇಲ್ಲದಿದ್ದರೆ, ಎರಡರಲ್ಲಿ ಒಂದಕ್ಕೆ ಮಾತ್ರ ಎಡಗಾಲಿಗೊಂದು ಹೆಚ್ಚುವರಿ ಸೆಟ್ ಹಾಕಿಕೊಳ್ಳಿ ಅಂದಿದ್ದರು. ನನಗೆ ಅದರ ಅಗತ್ಯ ಬೀಳಲಿಲ್ಲ.

ನೋವಿದ್ದ ಕಾರಣ ಶುರುವಿನಲ್ಲಿ ಡಂಬಲ್ ಇರಲಿಲ್ಲ. ಬರೀ ಮೈತೂಕ, ಇಳಿಯಲು ನಿಧಾನವಾಗಿ ಮೂರು ಸೆಕೆಂಡು. ಹತ್ತಕ್ಕೆ ಮೂರರಷ್ಟು ನೋವು ಬಂದರೆ ಪರವಾಗಿಲ್ಲ, ಮಾರನೇ ಬೆಳಿಗ್ಗೆ ಅದಕ್ಕಿಂತ ಹೆಚ್ಚಾದರೆ ಮುಂದಿನ ಸಲ ಒಂದು ಸೆಟ್ ಕಡಿಮೆ. ಆಮೇಲೆ 5 ಕೆಜಿ, ಆಮೇಲೆ ಮತ್ತೆ 10 ಕೆಜಿ. ಎರಡು ತಿಂಗಳ ನಂತರ ಸರಿಯಾದ ಕ್ರಮದಲ್ಲಿ ಅಳೆದಾಗ ಎಡ 10, ಬಲ 12. ಮೇಲಿನ ಸೂತ್ರದಲ್ಲಿ ಹಾಕಿ ನೋಡಿ, 95% ಬರುತ್ತದೆ. ಉಳಿದ ಐದರ ಹಿಂದೆ ಬೀಳಬೇಡಿ ಅಂದರು ಮೇಡಂ. ಶಟಲ್ ಆಡುವ ತನಕ ಅದು ಇದ್ದೇ ಇರುತ್ತದಂತೆ.

ಆಪರೇಷನ್ ಆಗಿದ್ದರೆ, ಈಚೆಗೆ ಪ್ಲಾಸ್ಟರ್ ಬಿಚ್ಚಿದ್ದರೆ, ಮಂಡಿ ಊದಿದ್ದರೆ ಅಥವಾ ನಡೆಯುವಾಗ ತಟಕ್ಕನೆ ಸೋಲುತ್ತಿದ್ದರೆ, ಕಾಲು ಜೋಮು ಹಿಡಿಯುತ್ತಿದ್ದರೆ ಇದ್ಯಾವುದನ್ನೂ ಮಾಡಬೇಡಿ, ಮೊದಲು ಡಾಕ್ಟರಿಗೆ ತೋರಿಸಿ.

ಪ್ಯಾಕೇಜಿನಲ್ಲಿ ಉಳಿದಿದ್ದ ದುಡ್ಡನ್ನು ವಾಪಸ್ ಕೇಳಿದೆ. ರೀಫಂಡ್ ಪಾಲಿಸಿ ಇಲ್ಲವಂತೆ. ಅದರ ಬದಲು ಬಲಗಾಲಿಗೂ ಅದೇ ಪ್ರೋಗ್ರಾಂ ಫ್ರೀಯಾಗಿ ಕೊಡುತ್ತೇವೆ ಅಂದರು.