ಬೆರಳ ಸಂದಿ ಬಿಡಿಸಲಾರದ ಬ್ಯಾಕ್‌ಗ್ರೌಂಡ್ ಆ್ಯಪ್: ವರ್ಷ ಬಳಸಿದ ಮೇಲೆ

ಬ್ಯಾಕ್‌ಗ್ರೌಂಡ್ ತೆಗೆಯುವ ಆ್ಯಪ್ ಇದು. ಹೆಸರು ಬೇಡ ಬಿಡಿ. ಬರೀ ಡಬ್ಬಿಯ ಫೋಟೊ ಕೊಟ್ಟರೆ ನೀಟಾಗಿ ಕತ್ತರಿಸುತ್ತದೆ, ಅದರಲ್ಲಿ ತಕರಾರಿಲ್ಲ. ಡಬ್ಬಿ ಹಿಡಿದ ಕೈ ಫೋಟೊದಲ್ಲಿ ಬಂತೋ, ತಲೆನೋವು ಶುರು.

ದಾವಣಗೆರೆಯಲ್ಲಿ ಮನೆಯಿಂದಲೇ ಶೇಂಗಾ ಚಟ್ನಿಪುಡಿ ಮಾರುತ್ತೇನೆ. ವಾಟ್ಸಾಪ್ ಕ್ಯಾಟಲಾಗಿಗೆ ಕೈಯಲ್ಲಿ ಹಿಡಿದ ಫೋಟೊನೇ ಬೇಕು. ಡಬ್ಬಿ ಎಷ್ಟು ದೊಡ್ಡದು ಅನ್ನೋದು ಕೈ ನೋಡಿದರೇ ಗೊತ್ತಾಗುತ್ತದೆ, ಅಲ್ವಾ? ಕೈ ನಮ್ಮ ಅತ್ತೆಯದು. ಹಿಂದೆ ಅಡುಗೆಮನೆಯ ಹಸಿರು ಗೋಡೆ. ಆ್ಯಪ್ ಕೊಟ್ಟ ಮೊದಲ ಫೋಟೊ ನೋಡಿ ಅತ್ತೆ, "ಏನವಾ ಇದು, ನನ್ನ ಬೆರಳು ಬಾತುಕೋಳಿ ಕಾಲು ಆದಂಗ ಆಗ್ಯಾವಲ್ಲ!" ಅಂದರು. ಹೆಬ್ಬೆರಳಿಗೂ ತೋರುಬೆರಳಿಗೂ ಡಬ್ಬಿಗೂ ನಡುವೆ ಒಂದು ಸಣ್ಣ ತ್ರಿಕೋನ ಜಾಗ ಇರುತ್ತದಲ್ಲ, ಅದರೊಳಗೆ ಗೋಡೆ ಹಾಗೇ ಉಳಿದಿತ್ತು. ಸುತ್ತ ಎಲ್ಲ ಬಿಳಿ, ನಡುವೆ ಒಂದು ಹಸಿರು ತುಂಡು.

ಇದಕ್ಕೆ ಕಾರಣ ತಿಳಿದ ಮೇಲೆ ಸಿಟ್ಟು ಸ್ವಲ್ಪ ಇಳಿಯಿತು. ಇಂಥ ಕೆಲಸ ಮಾಡುವ ಎಷ್ಟೋ ಎಐ ಮಾದರಿಗಳು ಫೋಟೊವನ್ನು ಮೊದಲು ಕುಗ್ಗಿಸಿಕೊಂಡು ನೋಡುತ್ತವೆ. U²-Net ಅನ್ನುವ ಮುಕ್ತ ಮಾದರಿ 320×320 ಪಿಕ್ಸೆಲ್‌ಗೆ ಇಳಿಸಿಕೊಳ್ಳುತ್ತದೆ. ನನ್ನ ಚೌಕ ಫೋಟೊ 3000 ಪಿಕ್ಸೆಲ್ ಅಗಲ, ಅದರಲ್ಲಿ ಬೆರಳ ಸಂದಿ 30 ಪಿಕ್ಸೆಲ್ ಇದೆ ಅಂದುಕೊಳ್ಳಿ. ಕುಗ್ಗಿದ ಮೇಲೆ ಅದಕ್ಕೆ ಉಳಿಯುವುದು ಬರೀ 3 ಪಿಕ್ಸೆಲ್. ಎರಡು ಕಡೆ ಚರ್ಮ, ಒಂದು ಕಡೆ ಡಬ್ಬಿ, ಅಷ್ಟರಲ್ಲಿ ಸಂದಿ ಕಾಣೋದಾದರೂ ಹೇಗೆ?

ಹಾಗಾಗಿ ಈಗ ಫೋಟೊ ಪೂರ್ತಿ ಕೊಡುವುದಿಲ್ಲ. ಕೈ, ಡಬ್ಬಿ ಇರುವ ಭಾಗವನ್ನಷ್ಟೇ ಮೊದಲೇ ಕ್ರಾಪ್ ಮಾಡಿ ಕೊಡುತ್ತೇನೆ. ಅದು 1000 ಪಿಕ್ಸೆಲ್ ಚೌಕವಾದರೆ ಅದೇ ಸಂದಿಗೆ ಸುಮಾರು 10 ಪಿಕ್ಸೆಲ್ ಸಿಗುತ್ತದೆ. ಸಂದಿ ಬಹುಪಾಲು ತಾನಾಗೇ ತೆರೆದುಕೊಳ್ಳುತ್ತದೆ. ಮುಂಗೈ ಎಲ್ಲಿ ತುಂಡಾಯಿತೋ ಆ ಅಂಚನ್ನು ಕ್ಯಾಟಲಾಗ್ ಫೋಟೊದ ಅಂಚಿಗೇ ತಾಗಿಸಿ ಇಡಬೇಕು. ಇಲ್ಲದಿದ್ದರೆ ಕಡಿದಿಟ್ಟ ಕೈ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ, ನೋಡಿದವರು ಹೆದರಬೇಕು.

ಆಮೇಲಿನದು ನನಗೆ ಇಷ್ಟದ ಕೆಲಸ. ರಾತ್ರಿ ಪಾತ್ರೆ ತೊಳೆದಿಟ್ಟು, ಫ್ಯಾನ್ ಕೆಳಗೆ ಕೂತು, ಹಿನ್ನೆಲೆಗೆ ಕಡು ಗುಲಾಬಿ ಬಣ್ಣ ಹಾಕುತ್ತೇನೆ. ಬಿಳಿಯ ಮೇಲೆ ಕಣ್ಣಿಗೆ ಬೀಳದ ಚೂರುಗಳೆಲ್ಲ ಆಗ ಎದ್ದು ಕಾಣುತ್ತವೆ. ತಿಳಿ ಬಣ್ಣದ ಉಗುರಿನ ತುದಿಯನ್ನು ಆ್ಯಪ್ ಆಗಾಗ ಕಚ್ಚಿಹಾಕಿರುತ್ತದೆ, ಅದೂ ಅಲ್ಲೇ ಸಿಕ್ಕಿಬೀಳುತ್ತದೆ. ದೊಡ್ಡದು ಮಾಡಿಕೊಂಡು, ಸಣ್ಣ ಬ್ರಶ್ಶಿನಿಂದ ಸಂದಿಯಲ್ಲಿ ಉಳಿದ ಗೋಡೆ ಅಳಿಸುವುದು, ಉಗುರನ್ನು ವಾಪಸ್ ತರುವುದು. ಒಂದು ಕಡೆ ಮಾತ್ರ ಕೈ ತಡೆಯಬೇಕು. ಬೆರಳಿಗೆ ಬೆರಳು ತಾಗಿದ ಜಾಗದಲ್ಲಿ ಒಂದು ಕಪ್ಪು ಗೆರೆ ಇರುತ್ತದೆ. ಅದು ಸಂದಿಯಲ್ಲ, ನೆರಳು. ಅದನ್ನು ಅಳಿಸಿದರೆ ಬೆರಳ ನಡುವೆ ಬಿಳಿ ಸೀಳು ಬೀಳುತ್ತದೆ. ಗೋಡೆ ಬಣ್ಣ ಕಂಡರೆ ಅಳಿಸಿ, ಚರ್ಮದ್ದೇ ಕಡುಬಣ್ಣ ಕಂಡರೆ ಬಿಡಿ.

ಬ್ರಶ್ಶಿನ ಅಂಚು ಕೂಡ ಎಲ್ಲ ಕಡೆ ಒಂದೇ ಆದರೆ ನಡೆಯುವುದಿಲ್ಲ. ಡಬ್ಬಿಯ ಅಂಚು ಚೂಪಾಗಿ ಫೋಕಸ್ ಆಗಿರುತ್ತದೆ. ಅದರ ಹಿಂದಕ್ಕೆ ಸುತ್ತಿಕೊಂಡ ಬೆರಳು ಸ್ವಲ್ಪ ಮಸುಕು. ಮಸುಕಾದ ಬೆರಳನ್ನು ಚೂಪಾಗಿ ಕತ್ತರಿಸಿದರೆ ಕತ್ತರಿಯಿಂದ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಬೆರಳಿಗೆ ಮೆತ್ತನೆ ಬ್ರಶ್, ಡಬ್ಬಿಗೆ ಗಟ್ಟಿ ಬ್ರಶ್.

ಇನ್ನು ಈ ಆ್ಯಪಿಗೆ ಎಷ್ಟು ಮಾಡಿದರೂ ಆಗದ್ದು ಒಂದಿದೆ. ಹಸಿರು ಗೋಡೆಯ ಬೆಳಕು ಬೆರಳ ಅಂಚಿಗೇ ಬಡಿದು ಚರ್ಮವೇ ಹಸಿರಾಗಿರುತ್ತದೆ. ಬಿಳಿ ಹಿನ್ನೆಲೆ ಹಾಕಿದಾಗ ಬೆರಳ ಸುತ್ತ ತೆಳು ಹಸಿರು ಗೆರೆ. ಕಂಪ್ಯೂಟರಿನಲ್ಲಾದರೆ ಜಿಂಪ್ ಅನ್ನುವ ಫೋಟೊ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಸೆಲೆಕ್ಷನ್ ಒಂದು ಪಿಕ್ಸೆಲ್ ಒಳಕ್ಕೆ ಎಳೆದು ಗೆರೆ ಕಡಿಮೆ ಮಾಡಬಹುದು. ಆದರೆ ಜಾಸ್ತಿ ಎಳೆದರೆ ಬೆರಳೇ ಸಣಕಲಾಗುತ್ತದೆ. ನಾನಂತೂ ಅತ್ತೆಯನ್ನು ಗೋಡೆಯಿಂದ ಒಂದು ಮೀಟರ್ ಮುಂದೆ ನಿಲ್ಲಿಸಿ, ಹಿಂದೆ ಬೂದು ಬಣ್ಣದ ಬೆಡ್‌ಶೀಟ್ ಕಟ್ಟಿಬಿಟ್ಟೆ. ಆ ರಗಳೆ ಅಲ್ಲಿಗೇ ಮುಗಿಯಿತು. ಗಾಜಿನ ಬಳೆಯ ಒಳಗಿನ ಜಾಗವೂ ಬೂದು ಹಿನ್ನೆಲೆಯಲ್ಲಿ ಸಲೀಸಾಗಿ ಬಿಟ್ಟುಕೊಂಡಿತು, ಅದನ್ನು ನಾನು ನಿರೀಕ್ಷಿಸಿರಲೇ ಇಲ್ಲ.

ಐದಕ್ಕೆ ಮೂರು ಸ್ಟಾರ್. ಬರೀ ಪ್ಯಾಕೆಟ್, ಡಬ್ಬಿ ಮಾರುವವರಿಗೆ ನಾಲ್ಕು. ಈ ಸಲ ವರ್ಷದ ಚಂದಾ ಕಟ್ಟಿಲ್ಲ. ಹೊಸ ಪುಡಿ ಬಂದ ತಿಂಗಳು ಮಾತ್ರ ಕಟ್ಟಿಕೊಂಡು, ಅಷ್ಟೂ ಫೋಟೊ ಒಟ್ಟಿಗೇ ಮುಗಿಸುತ್ತೇನೆ.