ಕೀಬೋರ್ಡ್ ತಡವರಿಸಿದರೆ ಡೇಟಾ ಅಳಿಸಬೇಕಾ, ಆಕ್ಸೆಸಿಬಿಲಿಟಿ ನೋಡಬೇಕಾ?

ಆಂಡ್ರಾಯ್ಡ್ ಫೋನಲ್ಲಿ ಅಕ್ಷರ ತಡವಾಗಿ ಮೂಡಿದರೆ, ಅಥವಾ ಪದದ ಮಧ್ಯದಲ್ಲೇ ಕೀಬೋರ್ಡ್ ಮಾಯವಾದರೆ ಎಲ್ಲರೂ ಕೊಡುವ ಸಲಹೆ ಎರಡು. ಒಂದು, ಕೀಬೋರ್ಡ್ ಆ್ಯಪ್‌ನ ಡೇಟಾ ಅಳಿಸಿ. ಇನ್ನೊಂದು, ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಯಾವ ಸರ್ವಿಸ್ ಆನ್ ಇದೆ ನೋಡಿ. ಎರಡನ್ನೂ ಮಾಡಿ ನೋಡಿದ್ದೇನೆ. ಎರಡರ ಫಲವೂ ಬೇರೆ, ಬೆಲೆಯೂ ಬೇರೆ.

ನನ್ನ ಫೋನಿನ ಕಥೆ ಹೀಗಿತ್ತು. ಚಾಟ್ ಆ್ಯಪ್‌ನಲ್ಲಿ ಮತ್ತು ಬ್ರೌಸರ್‌ನಲ್ಲಿ ಟೈಪ್ ಮಾಡಿದ ಅಕ್ಷರ ಒಂದು ಕ್ಷಣ ಬಿಟ್ಟು ಬರುತ್ತಿತ್ತು, ಆಗಾಗ ಕೀಬೋರ್ಡ್ ಕೆಳಗೆ ಜಾರಿಬಿಡುತ್ತಿತ್ತು. ನೋಟ್ಸ್ ಆ್ಯಪ್‌ನಲ್ಲಿ ಮಾತ್ರ ಎಲ್ಲ ಸರಿ.

ಮೊದಲು ಡೇಟಾ ದಾರಿ ಹಿಡಿದೆ. ಸೆಟ್ಟಿಂಗ್ಸ್, ಆ್ಯಪ್ಸ್, ಕೀಬೋರ್ಡ್ ಹೆಸರು, ಸ್ಟೋರೇಜ್. ಅಲ್ಲಿ ಎರಡು ಬಟನ್ ಇರುತ್ತವೆ. ಕ್ಯಾಶ್ ಅಳಿಸಿದರೆ ಏನೂ ಕಳೆದುಹೋಗುವುದಿಲ್ಲ, ತಾತ್ಕಾಲಿಕ ಫೈಲ್‌ಗಳಷ್ಟೇ ಹೋಗುತ್ತವೆ. ನನಗೆ ಅದರಿಂದ ಏನೂ ಬದಲಾಗಲಿಲ್ಲ. ಡೇಟಾ ಅಳಿಸುವುದು ಬೇರೆ ವಿಷಯ. ಕೀಬೋರ್ಡ್ ಹೊಸದಾಗಿ ಹಾಕಿದ ಹಾಗೆ ಆಗುತ್ತದೆ: ನಾನು ಸೇರಿಸಿಕೊಂಡ ಕನ್ನಡ ಲೇಔಟ್, ಅದು ನನ್ನಿಂದ ಕಲಿತ ಪದಗಳು, ಕ್ಲಿಪ್‌ಬೋರ್ಡ್‌ನಲ್ಲಿ ಪಿನ್ ಮಾಡಿಟ್ಟಿದ್ದ ಸಾಲುಗಳು ಎಲ್ಲ ಹೋದವು. ಸ್ವಲ್ಪ ಹೊತ್ತು ಚುರುಕಾಯಿತು ಅನ್ನಿಸಿತು. ಆಮೇಲೆ ಚಾಟ್ ತೆರೆದರೆ ಅದೇ ತಡ, ಅದೇ ಮಾಯ.

ಆಗ ಆಕ್ಸೆಸಿಬಿಲಿಟಿ ತೆರೆದೆ. ಡೌನ್‌ಲೋಡ್ ಮಾಡಿದ ಆ್ಯಪ್‌ಗಳ ಪಟ್ಟಿಯಲ್ಲಿ ಪಾಸ್‌ವರ್ಡ್ ಮ್ಯಾನೇಜರ್, ಆ್ಯಪ್ ಲಾಕ್, ಕ್ಲಿಪ್‌ಬೋರ್ಡ್ ಉಳಿಸುವ ಒಂದು ಆ್ಯಪ್, ಮೂರೂ ಆನ್ ಇದ್ದವು. ಒಂದೊಂದನ್ನೇ ಆಫ್ ಮಾಡಿ, ಪ್ರತಿ ಸಲ ಅದೇ ಚಾಟ್‌ನಲ್ಲಿ ಅದೇ ಉದ್ದನೆಯ ಸಾಲು ಟೈಪ್ ಮಾಡಿದೆ. ಆ್ಯಪ್ ಲಾಕ್ ಆಫ್ ಆದ ಮೇಲೆ ಕೀಬೋರ್ಡ್ ಮಾಯವಾಗುವುದು ನಿಂತಿತು. ಕ್ಲಿಪ್‌ಬೋರ್ಡ್ ಆ್ಯಪ್ ಆಫ್ ಆದ ಮೇಲೆ ತಡ ಹೋಯಿತು. ಪಾಸ್‌ವರ್ಡ್ ಮ್ಯಾನೇಜರ್ ಅನ್ನು ವಾಪಸ್ ಆನ್ ಮಾಡಿದರೂ ಏನೂ ತೊಂದರೆ ಇಲ್ಲ.

ಕಾರಣ ಇಷ್ಟೇ. ಇಂಥ ಸರ್ವಿಸ್ ಆನ್ ಇದ್ದರೆ ಪರದೆಯಲ್ಲಿ ಏನಾದರೂ ಬದಲಾದಾಗ, ನೀವು ಒಂದು ಅಕ್ಷರ ಒತ್ತಿದಾಗಲೂ, ಅದಕ್ಕೆ ಸುದ್ದಿ ಹೋಗುತ್ತದೆ. ಸರ್ವಿಸ್ ಪರದೆಯ ವಿವರವನ್ನೂ ಕೇಳಿದರೆ ಅದನ್ನು ಒದಗಿಸಬೇಕಾದದ್ದು ನೀವು ಟೈಪ್ ಮಾಡುತ್ತಿರುವ ಆ್ಯಪ್ಪೇ. ಉದ್ದ ಚಾಟ್, ಭಾರವಾದ ವೆಬ್ ಪುಟ ಇದ್ದಲ್ಲಿ ಈ ಕೆಲಸ ಜಾಸ್ತಿ, ಅದಕ್ಕೇ ತಡ ಕೆಲವು ಆ್ಯಪ್‌ಗಳಲ್ಲಿ ಮಾತ್ರ ಕಾಣುತ್ತದೆ. ಇನ್ನು ಆ್ಯಪ್ ಲಾಕ್ ತರಹದವು ಮೇಲೊಂದು ಕಿಟಕಿ ತೆರೆದು ಫೋಕಸ್ ಕಸಿದುಕೊಂಡರೆ, ಕೀಬೋರ್ಡ್‌ಗೆ ಬರೆಯಲು ಜಾಗವೇ ಇರುವುದಿಲ್ಲ, ಮುಚ್ಚಿಕೊಳ್ಳುತ್ತದೆ.

ಹಾಗಾದರೆ ಡೇಟಾ ಅಳಿಸುವುದು ಸುಮ್ನೆ ಕೆಲಸವಾ? ಅಲ್ಲ. ಮನೆಯಲ್ಲಿನ ಇನ್ನೊಂದು ಫೋನಲ್ಲಿ ಎಲ್ಲ ಆ್ಯಪ್‌ನಲ್ಲೂ, ಸೆಟ್ಟಿಂಗ್ಸ್‌ನ ಹುಡುಕಾಟದ ಪೆಟ್ಟಿಗೆಯಲ್ಲೂ ತಡವಿತ್ತು, ಆಕ್ಸೆಸಿಬಿಲಿಟಿಯಲ್ಲಿ ಏನೂ ಆನ್ ಇರಲಿಲ್ಲ. ಅಲ್ಲಿ ಬೇರೆ ಕೀಬೋರ್ಡ್‌ಗೆ ಬದಲಿಸಿ ಒಂದು ಸಾಲು ಬರೆದರೆ ತಡವೇ ಇಲ್ಲ. ಅಂದರೆ ದೋಷ ಕೀಬೋರ್ಡ್‌ನದೇ, ಡೇಟಾ ಅಳಿಸಿದ ಮೇಲೆ ಸರಿಹೋಯಿತು.

ಈ ಬದಲಿ ಕೀಬೋರ್ಡ್ ಪರೀಕ್ಷೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಬದಲಿಸಿದ ಮೇಲೂ ಅದೇ ಆ್ಯಪ್‌ನಲ್ಲಿ ತಡವಿದ್ದರೆ ನಿಮ್ಮ ಕೀಬೋರ್ಡ್ ಡೇಟಾ ಮುಟ್ಟಬೇಡಿ, ಕಲಿತ ಪದಗಳು ಸುಮ್ಮನೆ ಹೋಗುತ್ತವೆ; ಆಕ್ಸೆಸಿಬಿಲಿಟಿ ನೋಡಿ. ಅಲ್ಲಿ ಆನ್ ಇರುವ ಸರ್ವಿಸ್‌ಗಳ ಪಟ್ಟಿಯನ್ನು ಕಂಪ್ಯೂಟರ್‌ನಿಂದ ನೋಡಬೇಕಂದರೆ ಫೋನಲ್ಲಿ ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ, adb ಇರುವ ಕಂಪ್ಯೂಟರ್‌ಗೆ ಜೋಡಿಸಿ, ಟರ್ಮಿನಲ್‌ನಲ್ಲಿ ಇದನ್ನು ಕೊಡಿ:

```
adb shell settings get secure enabled_accessibility_services
```

ಆನ್ ಇರುವ ಸರ್ವಿಸ್‌ಗಳ ಹೆಸರು ಕೋಲನ್ ಹಾಕಿ ಒಂದರ ಪಕ್ಕ ಒಂದು ಬರುತ್ತವೆ.

ಎಚ್ಚರಿಕೆ ಒಂದಿದೆ. ಪರದೆ ಓದುವ ಸರ್ವಿಸ್ ನಂಬಿಕೊಂಡು ಫೋನ್ ಬಳಸುವವರಿಗೆ ಅದನ್ನು ಆಫ್ ಮಾಡಿ ಅನ್ನುವುದು ತಪ್ಪು. ಅವರು ಉಳಿದ ಸರ್ವಿಸ್‌ಗಳನ್ನಷ್ಟೇ ಪರೀಕ್ಷಿಸಲಿ. ಮತ್ತೆ ಕೀಬೋರ್ಡ್ ಬರುವುದೇ ಇಲ್ಲ ಅಂದರೆ ಬ್ಲೂಟೂತ್ ಆಫ್ ಮಾಡಿ ನೋಡಿ. ಜೋಡಿಸಿದ ಸಾಧನ ತಾನೂ ಕೀಬೋರ್ಡ್ ಅಂತ ಫೋನ್‌ಗೆ ಹೇಳಿಕೊಂಡಿದ್ದರೆ ಪರದೆಯದ್ದು ಅಡಗಬಹುದು, ಆಗ ಈ ಎರಡು ದಾರಿಯೂ ಕೆಲಸಕ್ಕೆ ಬರುವುದಿಲ್ಲ.